ಸೋಡಾ ಸರಿ, ಹುಳಿ ಎಲ್ಲಿದೆ?

ಈ ಮೇಜಿನ ಮೇಲೆ ಎರಡು ಡಬ್ಬಿ ಇಟ್ಟಿದ್ದೇನೆ. ಒಂದರಲ್ಲಿ ಅಡುಗೆ ಸೋಡಾ, ಇನ್ನೊಂದರಲ್ಲಿ ಬೇಕಿಂಗ್ ಪೌಡರ್. ಬೇಕೆಂದೇ ಚೀಟಿ ಅಂಟಿಸಿಲ್ಲ. ಮುಂದಿನ ಸಾಲಿನವರು ಬೆರಳಲ್ಲಿ ಮುಟ್ಟಿ ನೋಡಿದಿರಿ, ಯಾವುದು ಯಾವುದು ಅಂತ ಹೇಳಲು ಆಗಲಿಲ್ಲ. ಎರಡೂ ಬಿಳಿ, ಎರಡೂ ನುಣುಪು, ಎರಡಕ್ಕೂ ವಾಸನೆ ಇಲ್ಲ. ಅಡುಗೆಮನೆಯಲ್ಲಿ ಮಾಡುವ ಕೆಲಸವೂ ಒಂದೇ, ಗುಳ್ಳೆ ಎಬ್ಬಿಸುವುದು. ಹಾಗಾಗಿ ಒಂದಿಲ್ಲದಿದ್ದರೆ ಇನ್ನೊಂದು ಹಾಕಿದರಾಯಿತು ಅಂತ ನಮಗೆಲ್ಲ ಅನ್ನಿಸುತ್ತದೆ. ಕೇಕು ಹಾಳಾಗಲು ಶುರುವಾಗುವುದು ಅಲ್ಲಿಂದಲೇ.

ಸೋಡಾ ಒಂದೇ ಒಂದು ವಸ್ತು. ಸೋಡಿಯಂ ಬೈಕಾರ್ಬೊನೇಟ್. ಅದರಲ್ಲಿ ಬೇರೇನೂ ಬೆರೆತಿಲ್ಲ. ಅದು ಮೆದು ಕ್ಷಾರ. ಯಾವುದಾದರೂ ಹುಳಿ ವಸ್ತು ನೀರಿನ ಜೊತೆ ಸಿಕ್ಕಿದರೆ ತಕ್ಷಣ ಇಂಗಾಲದ ಡೈಆಕ್ಸೈಡ್ ಬಿಡುತ್ತದೆ. ನಿಂಬೆರಸ, ಮೊಸರು, ವಿನೆಗರ್, ಹುಣಸೆ, ಯಾವುದಾದರೂ ಆಯಿತು. ಒಂದು ಗ್ರಾಂ ಸೋಡಾಕ್ಕೆ ಬೇಕಾದಷ್ಟು ಹುಳಿ ಸಿಕ್ಕಿದರೆ ನಮ್ಮ ಕೋಣೆಯ ಬಿಸಿಯಲ್ಲಿ ಸುಮಾರು 290 ಮಿಲಿಲೀಟರ್ ಅನಿಲ ಬರುತ್ತದೆ. ಒಂದು ದೊಡ್ಡ ಲೋಟ ತುಂಬುವಷ್ಟು! ಚಿಟಿಕೆ ಸೋಡಾಕ್ಕೆ ಅಷ್ಟು ಶಕ್ತಿ ಇದೆ.

ಹುಳಿ ಸಿಗದಿದ್ದರೆ? ಆಗಲೂ ಅದು ಸುಮ್ನೆ ಇರುವುದಿಲ್ಲ. ಬಿಸಿ ತಗುಲಿದರೆ ತಾನಾಗಿಯೇ ಒಡೆಯುತ್ತದೆ. 50 ಡಿಗ್ರಿ ದಾಟಿದ ಮೇಲೆ ನಿಧಾನವಾಗಿ ಶುರುವಾಗಿ, ಬಿಸಿ ಏರಿದ ಹಾಗೆ ಜೋರಾಗುತ್ತದೆ. ಆದರೆ ಹೀಗೆ ಒಡೆದಾಗ ಬರುವುದು ಅರ್ಧ ಅನಿಲ ಮಾತ್ರ. ಉಳಿದದ್ದು ಸೋಡಿಯಂ ಕಾರ್ಬೊನೇಟ್ ಆಗಿ ಕೇಕಿನೊಳಗೇ ಕೂರುತ್ತದೆ. ಸೋಡಿಯಂ ಕಾರ್ಬೊನೇಟ್ ಅಂದರೆ ಬಟ್ಟೆ ಒಗೆಯಲು ಬಳಸುವ ವಾಷಿಂಗ್ ಸೋಡಾ, ಅದೇ. ಸೋಡಾ ಜಾಸ್ತಿಯಾದ ತಿಂಡಿಯಲ್ಲಿ ಸೋಪಿನ ರುಚಿ ಬರುತ್ತದೆ ಅಂತೀರಲ್ಲ, ಆ ರುಚಿ ಇದರದ್ದು. ಕೇಕಿನ ಒಳಗೆ ಹಳದಿ ಬಣ್ಣ, ಮೇಲೆ ಬೇಗ ಕಂದುವ ಸಿಪ್ಪೆ, ನಾಲಿಗೆಯ ಹಿಂಭಾಗದಲ್ಲಿ ಒಂದು ಒಗರು. ಈ ಮೂರೂ ಒಟ್ಟಿಗೆ ಕಂಡರೆ ಸೋಡಾಕ್ಕೆ ತಕ್ಕಷ್ಟು ಹುಳಿ ಸಿಕ್ಕಿಲ್ಲ ಅಂತಲೇ ಅರ್ಥ.

ಬೇಕಿಂಗ್ ಪೌಡರ್ ಒಂದು ಮಿಶ್ರಣ. ಅದರಲ್ಲಿ ಕಾಲು ಭಾಗ ಅಥವಾ ಸ್ವಲ್ಪ ಜಾಸ್ತಿ ಸೋಡಾ ಇರುತ್ತದೆ. ಅದಕ್ಕೆ ಸರಿಹೊಂದುವಷ್ಟು ಒಣ ಹುಳಿ ಪುಡಿ ಇರುತ್ತದೆ. ಉಳಿದದ್ದು ಜೋಳದ ಪಿಷ್ಟ, ಅಂದರೆ ಕಾರ್ನ್‌ಫ್ಲೋರ್. ಪಿಷ್ಟವನ್ನು ತೂಕ ಹೆಚ್ಚಿಸಲು ಸುರಿದಿದ್ದಾರೆ ಅಂದುಕೊಳ್ಳಬೇಡಿ. ಗಾಳಿಯ ತೇವವನ್ನು ಅದು ಹೀರಿಕೊಳ್ಳುತ್ತದೆ. ಸೋಡಾದ ಕಣವೂ ಹುಳಿಯ ಕಣವೂ ಒಂದಕ್ಕೊಂದು ತಾಗದ ಹಾಗೆ ನಡುವೆ ನಿಲ್ಲುತ್ತದೆ. ಇಂಗ್ಲೆಂಡಿನ ಬರ್ಮಿಂಗ್‌ಹ್ಯಾಮ್‌ನಲ್ಲಿ ಆಲ್ಫ್ರೆಡ್ ಬರ್ಡ್ ಅನ್ನುವ ಔಷಧಿ ಅಂಗಡಿಯವರು 1843ರಲ್ಲಿ ಇಂಥ ಪುಡಿ ಮಾಡಿದ್ದು ತಮ್ಮ ಹೆಂಡತಿಗಾಗಿ. ಆಕೆಗೆ ಯೀಸ್ಟ್ ಆಗಿಬರುತ್ತಿರಲಿಲ್ಲ. ಯೀಸ್ಟ್ ಇಲ್ಲದೆ ಬ್ರೆಡ್ ಉಬ್ಬಬೇಕಿತ್ತು. ಆಮೇಲೆ ಅಮೆರಿಕದಲ್ಲಿ ಹಾರ್ವರ್ಡಿನ ರಸಾಯನಶಾಸ್ತ್ರಜ್ಞ ಎಬೆನ್ ಹಾರ್ಸ್‌ಫರ್ಡ್ 1856ರಲ್ಲಿ ಕ್ಯಾಲ್ಸಿಯಂ ಫಾಸ್ಫೇಟ್ ಹುಳಿಗೆ ಪೇಟೆಂಟ್ ಪಡೆದರು. ಅದೇ ಜಾತಿಯ ಹುಳಿ ಇವತ್ತಿಗೂ ನಮ್ಮ ಡಬ್ಬಿಗಳಲ್ಲಿದೆ.

ಸೋಡಾ ಹಾಕುವಾಗ ಹುಳಿಯನ್ನು ನೀವು ಒದಗಿಸಬೇಕು. ಪೌಡರ್ ಹಾಕುವಾಗ ಹುಳಿ ಅದರಲ್ಲೇ ಬಂದಿರುತ್ತದೆ. ಆದ್ದರಿಂದ ಯಾವುದೇ ಕೇಕಿನ ವಿಧಾನ ಕೈಗೆ ಬಂದಾಗ ನಾನು ಮೊದಲು ಕೇಳುವ ಪ್ರಶ್ನೆ ಒಂದೇ. ಇದರಲ್ಲಿ ಹುಳಿ ಎಲ್ಲಿದೆ, ಎಷ್ಟಿದೆ?

ಇದನ್ನು ಒಂದು ಕೇಕನ್ನೇ ಇಟ್ಟುಕೊಂಡು ನೋಡೋಣ. ಮೊಟ್ಟೆ ಇಲ್ಲದ ಮೊಸರಿನ ಕೇಕು. ನಿಮ್ಮಲ್ಲಿ ತುಂಬಾ ಜನ ಮಾಡುತ್ತೀರಿ. ಒಂದೂವರೆ ಕಪ್ ಮೈದಾ, ಮುಕ್ಕಾಲು ಕಪ್ ಸಕ್ಕರೆ, ಒಂದು ಕಪ್ ಗಟ್ಟಿ ಮೊಸರು, ಅರ್ಧ ಕಪ್ ಎಣ್ಣೆ, ಅರ್ಧ ಟೀ ಚಮಚ ಸೋಡಾ, ಒಂದೂಕಾಲು ಟೀ ಚಮಚ ಬೇಕಿಂಗ್ ಪೌಡರ್, ಸ್ವಲ್ಪ ವೆನಿಲಾ. 180 ಡಿಗ್ರಿಯಲ್ಲಿ ಅರ್ಧ ಗಂಟೆ ದಾಟಿ ಬೇಯಿಸುತ್ತೇವೆ. ಈ ಕೇಕಿನ ಬಗ್ಗೆ ನನಗೆ ಬರುವ ದೂರು ಯಾವಾಗಲೂ ಒಂದೇ. ಅಳತೆ ಅದೇ, ಓವನ್ ಅದೇ, ಹೋದ ವಾರ ಚೆನ್ನಾಗಿ ಬಂತು, ಈ ವಾರ ಹಳದಿಯಾಗಿ ಸೋಡಾ ವಾಸನೆ ಹೊಡೆಯಿತು. ಯಾಕೆ?

ಮೊಸರನ್ನು ನೋಡಬೇಕು. ಒಂದು ಕಪ್ ಮೊಸರು ಅಂದರೆ ಸುಮಾರು 250 ಗ್ರಾಂ. ಮೊಸರಿನ ಹುಳಿ ಲ್ಯಾಕ್ಟಿಕ್ ಆಮ್ಲ. ಈಗ ತಾನೇ ಹೆಪ್ಪಾದ ಸಿಹಿ ಮೊಸರಿನಲ್ಲಿ ಅದು ನೂರಕ್ಕೆ 0.6ರ ಹತ್ತಿರ ಇರುತ್ತದೆ ಅಂತಿಟ್ಟುಕೊಳ್ಳಿ. ಒಂದು ದಿನ ಹೊರಗೆ ಇದ್ದು ಹುಳಿಯಾದ ಮೊಸರಿನಲ್ಲಿ ನೂರಕ್ಕೆ 1ರ ಹತ್ತಿರ ಬರುತ್ತದೆ. ಅಂದರೆ ಸಿಹಿ ಮೊಸರಿನ ಕಪ್ಪಿನಲ್ಲಿ ಒಂದೂವರೆ ಗ್ರಾಂ ಹುಳಿ, ಹುಳಿ ಮೊಸರಿನ ಕಪ್ಪಿನಲ್ಲಿ ಎರಡೂವರೆ ಗ್ರಾಂ. ಒಂದು ಗ್ರಾಂ ಲ್ಯಾಕ್ಟಿಕ್ ಆಮ್ಲಕ್ಕೆ ಒಂದು ಗ್ರಾಂಗಿಂತ ತುಸು ಕಡಿಮೆ ಸೋಡಾ ಸರಿಹೋಗುತ್ತದೆ. ನಾವು ಹಾಕಿದ್ದು ಅರ್ಧ ಟೀ ಚಮಚ, ತೂಕದಲ್ಲಿ ಎರಡೂವರೆ ಗ್ರಾಂಗೆ ಸ್ವಲ್ಪ ಕಡಿಮೆ.

ಈಗ ಹೊಂದಿಸಿ ನೋಡಿ. ಹುಳಿ ಮೊಸರಾದರೆ ಹಾಕಿದ ಸೋಡಾ ಪೂರ್ತಿ ಖರ್ಚಾಗುತ್ತದೆ. ಕೇಕು ಬೆಳ್ಳಗೆ, ಮೆತ್ತಗೆ ಬರುತ್ತದೆ. ಸಿಹಿ ಮೊಸರಾದರೆ ಹೆಚ್ಚುಕಡಿಮೆ ಒಂದು ಗ್ರಾಂ ಸೋಡಾಕ್ಕೆ ಜೊತೆ ಸಿಗುವುದೇ ಇಲ್ಲ. ಅದು ಓವನ್ನಿನಲ್ಲಿ ಬಿಸಿಗೆ ಒಡೆದು ಕಾರ್ಬೊನೇಟ್ ಆಗುತ್ತದೆ. ಹಳದಿ, ಸೋಪು, ಒಗರು. ಹೋದ ವಾರದ ಮೊಸರು ಹಳೆಯದಿತ್ತು, ಈ ವಾರದ್ದು ಹೊಸದು. ವ್ಯತ್ಯಾಸ ಅಷ್ಟೇ.

ಇದಕ್ಕೆ ಪರಿಹಾರವೂ ಲೆಕ್ಕದಲ್ಲೇ ಇದೆ. ಒಂದು ದೊಡ್ಡ ಚಮಚ, ಅಂದರೆ 15 ಮಿಲಿಲೀಟರ್ ನಿಂಬೆರಸ ಸುಮಾರು ಒಂದು ಗ್ರಾಂ ಸೋಡಾವನ್ನು ಸರಿಮಾಡುತ್ತದೆ. ವಿನೆಗರ್ ಬಾಟಲಿಯ ಮೇಲೆ ನೂರಕ್ಕೆ 5 ಅಂತ ಬರೆದಿದ್ದರೆ ಅದೂ ಅಷ್ಟೇ. 4 ಅಂತಿದ್ದರೆ ಸ್ವಲ್ಪ ಜಾಸ್ತಿ ಹಾಕಬೇಕು. ಹಾಗಾಗಿ ಮೊಸರು ಸಿಹಿಯಾಗಿದ್ದರೆ ಅದಕ್ಕೆ ಒಂದು ದೊಡ್ಡ ಚಮಚ ನಿಂಬೆರಸ ಬೆರೆಸಿ. ಇಲ್ಲವೇ ಸೋಡಾವನ್ನು ಕಾಲು ಟೀ ಚಮಚಕ್ಕೆ ಇಳಿಸಿ. ಎರಡರಲ್ಲಿ ಒಂದು ಮಾಡಿದರೆ ಸಾಕು. ಎರಡನ್ನೂ ಮಾಡಿದರೆ ಕೇಕು ಹುಳಿಯಾಗುತ್ತದೆ.

ಒಬ್ಬರು ಒಳ್ಳೆಯ ಪ್ರಶ್ನೆ ಕೇಳಿದರು. ಸೋಡಾ ಇದೆ, ಹುಳಿ ಇದೆ, ಅನಿಲ ಬರುತ್ತಿದೆ. ಮತ್ತೆ ಅದರ ಮೇಲೆ ಬೇಕಿಂಗ್ ಪೌಡರ್ ಯಾಕೆ? ಸಮಯಕ್ಕಾಗಿ. ಮೊಸರಿಗೆ ಸೋಡಾ ಬಿದ್ದ ಕೂಡಲೇ ನೊರೆ ಏಳುತ್ತದೆ, ಅಲ್ವಾ? ಪಾತ್ರೆಯ ಅಂಚಿನವರೆಗೆ ಉಬ್ಬಿ ಬರುವುದನ್ನು ನೋಡುವುದೇ ಒಂದು ಖುಷಿ. ಆದರೆ ಆ ಅನಿಲದಲ್ಲಿ ಒಂದು ಪಾಲು ನಾವು ಮೈದಾ ಕಲಸುವ ಹೊತ್ತಿಗೇ ಹೋಗಿರುತ್ತದೆ. ಕೇಕು ನಿಜವಾಗಿ ಏಳಬೇಕಾದದ್ದು ಓವನ್ನಿನೊಳಗೆ, ಹಿಟ್ಟು ಗಟ್ಟಿಯಾಗುವ ಮುಂಚಿನ ಹತ್ತು ಹದಿನೈದು ನಿಮಿಷದಲ್ಲಿ. ಆಗ ಅನಿಲ ಕೊಡಲು ಯಾರಾದರೂ ಬೇಕು. ಪೌಡರಿನ ಕೆಲಸ ಅದು.

ಅಂಗಡಿಯಲ್ಲಿ ಸಿಗುವ ಪೌಡರಿನ ಮೇಲೆ ಡಬಲ್ ಆಕ್ಟಿಂಗ್ ಅಂತ ಬರೆದಿದ್ದರೆ ಅದರಲ್ಲಿ ಎರಡು ಬಗೆಯ ಹುಳಿ ಇದೆ ಅಂತ ತಿಳಿಯಿರಿ. ಒಂದು ನೀರು ತಾಗಿದ ಕೂಡಲೇ ಕೆಲಸ ಶುರುಮಾಡುತ್ತದೆ. ಇನ್ನೊಂದು ಬಿಸಿ ಏರುವವರೆಗೆ ಕಾಯುತ್ತದೆ. ನಿಮ್ಮ ಡಬ್ಬಿ ತಂದಿದ್ದರೆ ಹಿಂದೆ ತಿರುಗಿಸಿ ಓದಿ. ಸಣ್ಣ ಅಕ್ಷರದಲ್ಲಿ ಐಎನ್‌ಎಸ್ ಸಂಖ್ಯೆಗಳಿವೆ, ಆಹಾರಕ್ಕೆ ಬೆರೆಸುವ ವಸ್ತುಗಳನ್ನು ಗುರುತಿಸುವ ಸಂಖ್ಯೆಗಳು ಅವು. 500 ಅಂದರೆ ಸೋಡಾ. 341 ಅಂದರೆ ಕ್ಯಾಲ್ಸಿಯಂ ಫಾಸ್ಫೇಟ್, ಬೇಗ ಕೆಲಸ ಮಾಡುವ ಹುಳಿ. 450 ಅಂದರೆ ಸೋಡಿಯಂ ಪೈರೋಫಾಸ್ಫೇಟ್, ನಿಧಾನದ್ದು. 521 ಅಂದರೆ ಅಲ್ಯೂಮಿನಿಯಂ ಇರುವ ಹುಳಿ, ಅದೂ ಬಿಸಿಗೆ ಕಾಯುವಂಥದ್ದು. ನಿಮ್ಮ ಡಬ್ಬಿಯಲ್ಲಿ ಯಾವ ಸಂಖ್ಯೆ ಇದೆ ಅಂತ ನೆನಪಿಟ್ಟುಕೊಳ್ಳಿ. ಪರೀಕ್ಷೆ ಮಾಡುವಾಗ ಬೇಕಾಗುತ್ತದೆ.

ಪೌಡರ್ ಇರುವುದಕ್ಕೆ ಇನ್ನೊಂದು ಕಾರಣ ರುಚಿ. ಮೊಸರಿನ ಹುಳಿಯನ್ನೆಲ್ಲ ಸೋಡಾ ತಿಂದುಹಾಕಿದರೆ ಮೊಸರು ಹಾಕಿದ್ದೇ ಗೊತ್ತಾಗುವುದಿಲ್ಲ. ತುಸು ಹುಳಿ ನಾಲಿಗೆಗೆ ಸಿಗಬೇಕು ಅನ್ನುವವರು ಸೋಡಾ ಕಡಿಮೆ ಮಾಡಿ, ಏಳುವ ಕೆಲಸವನ್ನು ಪೌಡರಿಗೆ ಬಿಡುತ್ತಾರೆ. ನನಗೂ ಅದೇ ಇಷ್ಟ.

ಈಗ ಬದಲಿ ಲೆಕ್ಕ. ಸೋಡಾ ಒಂದು ಭಾಗದ ಶಕ್ತಿಗೆ ಪೌಡರ್ ಸುಮಾರು ನಾಲ್ಕು ಭಾಗ ಬೇಕು. ಯಾಕೆಂದರೆ ಸೋಡಾದ ತೂಕದಲ್ಲಿ ಅರ್ಧಕ್ಕಿಂತ ಜಾಸ್ತಿ ಅನಿಲವಾಗಿ ಬರಬಲ್ಲದು. ಪೌಡರಿನಿಂದ ನೂರಕ್ಕೆ ಹತ್ತಾದರೂ ಬರಬೇಕು ಅನ್ನುವುದು ನಮ್ಮ ದೇಶದ ಆಹಾರ ನಿಯಮ. ಒಳ್ಳೆಯ ಪೌಡರಿನಲ್ಲಿ ಅದಕ್ಕಿಂತ ತುಸು ಹೆಚ್ಚೇ ಬರುತ್ತದೆ.

ಪೌಡರ್ ಮುಗಿದು ಸೋಡಾ ಮಾತ್ರ ಇದೆ ಅಂದರೆ ದಾರಿ ಸುಲಭ. ಒಂದು ಟೀ ಚಮಚ ಪೌಡರಿನ ಬದಲು ಕಾಲು ಟೀ ಚಮಚ ಸೋಡಾ, ಜೊತೆಗೆ ಒಂದು ದೊಡ್ಡ ಚಮಚ ನಿಂಬೆರಸ ಅಥವಾ ವಿನೆಗರ್. ಸೋಡಾವನ್ನು ಮೈದಾದಲ್ಲಿ ಜರಡಿ ಹಿಡಿಯಿರಿ. ನಿಂಬೆರಸವನ್ನು ಹಾಲಿನ ಕಡೆ ಸೇರಿಸಿ. ಎರಡೂ ಸೇರಿದ ಮೇಲೆ ತಡ ಮಾಡಬೇಡಿ. ಇಲ್ಲಿ ಬಿಸಿಗೆ ಕಾಯುವ ಹುಳಿ ಇಲ್ಲ. ಓವನ್ ಮೊದಲೇ ಕಾದಿರಬೇಕು.

ಸೋಡಾ ಇಲ್ಲ, ಪೌಡರ್ ಮಾತ್ರ ಇದೆ ಅಂದರೆ ಸ್ವಲ್ಪ ಯೋಚಿಸಬೇಕು. ನಮ್ಮ ಮೊಸರಿನ ಕೇಕಿನಲ್ಲಿ ಅರ್ಧ ಟೀ ಚಮಚ ಸೋಡಾದ ಬದಲು ಎರಡು ಟೀ ಚಮಚ ಪೌಡರ್ ಹಾಕಿದರೆ ಅನಿಲದ ಲೆಕ್ಕ ಸರಿಯಾಯಿತು. ಆದರೆ ಮೊಸರಿನ ಹುಳಿ ಹಾಗೇ ಉಳಿಯಿತಲ್ಲ! ಪೌಡರಿನ ಸೋಡಾಕ್ಕೆ ಅದರ ಸ್ವಂತ ಹುಳಿಯೇ ಜೊತೆಗಿದೆ. ಕೇಕು ಹುಳಿಯಾಗಿ, ಬಿಳಿಚಿಕೊಂಡು, ಒತ್ತೊತ್ತಾಗಿ ಬರುತ್ತದೆ. ಅದಕ್ಕಿಂತ ಮೊಸರನ್ನೇ ಬಿಟ್ಟು ಮುಕ್ಕಾಲು ಕಪ್ ಹಾಲು ಹಾಕಿ, ಒಟ್ಟು ಎರಡು ಟೀ ಚಮಚ ಪೌಡರಿನಲ್ಲಿ ಮಾಡುವುದು ಒಳ್ಳೆಯದು. ಹುಳಿ ಇಲ್ಲದ ಕೇಕಿಗೆ ಪೌಡರ್ ತಾನೇ ಸಾಕು. ಹಿಟ್ಟಿನ ಲೆಕ್ಕದಲ್ಲಿ ಹೇಳುವುದಾದರೆ ಒಂದು ಕಪ್ ಮೈದಾಕ್ಕೆ ಒಂದೂಕಾಲು ಟೀ ಚಮಚ ಪೌಡರ್ ಸಾಮಾನ್ಯವಾಗಿ ಸಾಕಾಗುತ್ತದೆ.

ಜಾಸ್ತಿ ಹಾಕಿದರೆ ಜಾಸ್ತಿ ಏಳುತ್ತದೆ ಅನ್ನುವ ನಂಬಿಕೆ ತುಂಬಾ ಜನರಲ್ಲಿದೆ. ಏಳುತ್ತದೆ ನಿಜ, ಹತ್ತು ನಿಮಿಷ. ಗುಳ್ಳೆಗಳು ದೊಡ್ಡದಾಗಿ ಒಂದಕ್ಕೊಂದು ಸೇರಿ ಒಡೆಯುತ್ತವೆ. ಹಿಟ್ಟು ಇನ್ನೂ ಗಟ್ಟಿಯಾಗಿರುವುದಿಲ್ಲ. ನಡುವೆ ಕುಸಿದು ಕುಳಿ ಬೀಳುತ್ತದೆ. ಕೊಯ್ದು ನೋಡಿದರೆ ಒಳಗೆ ಉದ್ದುದ್ದ ತೂತು. ಕುಳಿ ಬಿದ್ದ ಕೇಕು ನೋಡಿ ಪೌಡರ್ ಹಳೆಯದಾಗಿರಬೇಕು ಅಂತ ಮುಂದಿನ ಸಲ ಇನ್ನೂ ಅರ್ಧ ಚಮಚ ಹೆಚ್ಚು ಹಾಕುವವರಿದ್ದಾರೆ. ದಯವಿಟ್ಟು ಹಾಗೆ ಮಾಡಬೇಡಿ. ಸತ್ತ ಪೌಡರಿನ ಕೇಕು ಏಳುವುದೇ ಇಲ್ಲ. ಮೊದಲಿಂದ ಕೊನೆಯವರೆಗೆ ಚಪ್ಪಟೆ, ಒಳಗೆ ಅಂಟಂಟು. ಎದ್ದು ಕುಸಿದದ್ದು ಬೇರೆ, ಏಳದೇ ಉಳಿದದ್ದು ಬೇರೆ.

ಮಂಗಳೂರು ಬನ್ಸ್ ಬಗ್ಗೆ ಅಲ್ಲಿಂದ ಯಾರೋ ಕೇಳುತ್ತಿದ್ದಾರೆ. ಬಾಳೆಹಣ್ಣು, ಮೊಸರು, ಸಕ್ಕರೆ, ಮೈದಾ, ಚಿಟಿಕೆ ಸೋಡಾ, ಜೀರಿಗೆ. ಕಲಸಿ ರಾತ್ರಿಯೆಲ್ಲ ಇಡುತ್ತೇವೆ. ಬೆಳಿಗ್ಗೆ ಹೊತ್ತಿಗೆ ಸೋಡಾದ ಶಕ್ತಿ ಹೋಗಿರುವುದಿಲ್ಲವೇ ಅಂತ ಪ್ರಶ್ನೆ. ಹೋಗಿರುತ್ತದೆ, ಬಹುಪಾಲು ಹೋಗಿರುತ್ತದೆ. ಆದರೆ ಇದು ಕೇಕಿನ ಹಿಟ್ಟಿನ ಹಾಗೆ ಸಡಿಲ ಅಲ್ಲ, ನಾದಿದ ಗಟ್ಟಿ ಹಿಟ್ಟು. ಬಂದ ಗುಳ್ಳೆಗಳಲ್ಲಿ ಒಂದಷ್ಟು ಒಳಗೇ ಸಿಕ್ಕಿಕೊಳ್ಳುತ್ತವೆ. ಬನ್ಸಿನ ಒಳಗಿನ ಜಾಲರಿ ಬರುವುದು ಅದರಿಂದ. ಎಣ್ಣೆಗೆ ಬಿಟ್ಟಾಗ ಚೆಂಡಿನ ಹಾಗೆ ಉಬ್ಬುವುದು ಹೆಚ್ಚಾಗಿ ಹಬೆಯಿಂದ, ಪೂರಿ ಉಬ್ಬುವ ಕಾರಣವೇ. ಅದಕ್ಕೇ ಬನ್ಸಿಗೆ ಅಷ್ಟು ಕಡಿಮೆ ಸೋಡಾ ಸಾಕು. ಬಾಳೆಹಣ್ಣಿನ ಹುಳಿ ಬಹಳ ಕಡಿಮೆ. ಹಣ್ಣು ಕಳಿತ ಹಾಗೆ ಹುಳಿ ಹೆಚ್ಚುತ್ತದೆ ಅಂತ ಸೋಡಾ ಹೆಚ್ಚಿಸಬೇಡಿ. ಎರಡು ಚಮಚ ಹುಳಿ ಮೊಸರೇ ಅಲ್ಲಿ ನಿಜವಾದ ಹುಳಿ.

ಇನ್ನು ಪರೀಕ್ಷೆಗೆ ಬರೋಣ. ನೀವು ತಂದ ಡಬ್ಬಿಗಳನ್ನು ಮುಂದೆ ಕಳಿಸಿ.

ಸಾಮಾನ್ಯವಾಗಿ ಎಲ್ಲರೂ ಮಾಡುವುದು ಏನು? ಪುಡಿಯ ಮೇಲೆ ನಿಂಬೆ ಹಿಂಡುವುದು. ಬುಸ್ ಅಂದರೆ ಚೆನ್ನಾಗಿದೆ ಅಂತ ತೀರ್ಮಾನ. ಬೇಕಿಂಗ್ ಪೌಡರಿಗೆ ಈ ಪರೀಕ್ಷೆ ಮಾಡಬೇಡಿ. ಮೋಸ ಹೋಗುತ್ತೀರಿ. ಯಾಕೆ ಅಂತ ನೋಡಿ. ಪೌಡರಿನಲ್ಲಿ ಸೋಡಾ ಇದೆ, ಅದರ ಹುಳಿಯೂ ಇದೆ. ನಮಗೆ ತಿಳಿಯಬೇಕಾದದ್ದು ಇವೆರಡೂ ಸೇರಿ ತಾವಾಗಿಯೇ ಅನಿಲ ಕೊಡುತ್ತವೆಯೇ ಅನ್ನುವುದು. ನಾವು ಹೊರಗಿನಿಂದ ನಿಂಬೆಯ ಹುಳಿ ಸುರಿದರೆ, ಉಳಿದ ಚೂರುಪಾರು ಸೋಡಾವೂ ಬುಸ್ ಅನ್ನುತ್ತದೆ. ಒಳಗಿನ ಹುಳಿ ಕೆಲಸ ಮಾಡುತ್ತದೋ ಇಲ್ಲವೋ ಗೊತ್ತಾಗುವುದೇ ಇಲ್ಲ. ಕೇಕಿನಲ್ಲಿ ನಿಂಬೆ ಇರುವುದಿಲ್ಲವಲ್ಲ.

ಪೌಡರಿಗೆ ಬೇಕಾದದ್ದು ನೀರು ಮತ್ತು ಬಿಸಿ, ಅಷ್ಟೇ. ಒಂದು ಗಾಜಿನ ಲೋಟದಲ್ಲಿ ಕಾಲು ಕಪ್ ತಣ್ಣೀರು ತೆಗೆದುಕೊಳ್ಳುತ್ತೇನೆ. ಅರ್ಧ ಟೀ ಚಮಚ ಪೌಡರ್ ಹಾಕಿ ಕದಡುತ್ತೇನೆ. ಇದು ಹೊಸ ಪ್ಯಾಕೆಟ್, ಇವತ್ತೇ ಒಡೆದದ್ದು. ಹತ್ತಿರ ಬಂದು ನೋಡಿ. ಸಣ್ಣ ಸದ್ದು ಕೇಳುತ್ತಿದೆಯಾ? ಮೇಲೆ ಬಿಳಿ ನೊರೆ, ಅಂಚಿನ ಸುತ್ತ ಸಾಸಿವೆಗಿಂತ ಸಣ್ಣ ಗುಳ್ಳೆಗಳು. ಇದು ಬೇಗ ಕೆಲಸ ಮಾಡುವ ಹುಳಿ. ಈಗ ನೊರೆ ಇಳಿಯಿತು. ನೀರು ತೆಳು ಹಾಲಿನ ಬಣ್ಣಕ್ಕೆ ಬಂದಿದೆ, ಅದು ಪಿಷ್ಟ. ಈಗ ಕುದಿ ಬಂದು ಇಳಿಸಿದ ನೀರನ್ನು ಕಾಲು ಕಪ್ ಸುರಿಯುತ್ತೇನೆ. ನೋಡಿ, ಮತ್ತೆ ಎದ್ದಿತು! ಮೊದಲಿಗಿಂತ ಜೋರಾಗಿ, ಲೋಟದ ಅರ್ಧಕ್ಕೆ ಬಂತು. ಇದು ಎರಡನೆಯ ಹುಳಿ. ಒಂದೇ ಲೋಟದಲ್ಲಿ ಎರಡನ್ನೂ ಬೇರೆಬೇರೆಯಾಗಿ ನೋಡಿದ ಹಾಗಾಯಿತು.

ಇನ್ನೊಂದು ಲೋಟಕ್ಕೆ ನಿಮ್ಮಲ್ಲೊಬ್ಬರು ತಂದ ಹಳೆ ಡಬ್ಬಿಯ ಪುಡಿ. ತಣ್ಣೀರಿನಲ್ಲಿ ಏನೂ ಇಲ್ಲ. ಸುಮ್ನೆ ಮುಳುಗಿ ತಳ ಸೇರಿತು. ಬಿಸಿನೀರು ಸುರಿದರೆ ನೊರೆ ಬಂತು, ಆದರೆ ತೆಳು. ಡಬ್ಬಿಯ ಮೇಲೆ 341 ಇದೆ, 450 ಇದೆ. ಅಂದರೆ ಇದರಲ್ಲಿ ಎರಡೂ ಹುಳಿ ಇದ್ದವು. ಡಬ್ಬಿಯೊಳಗೆ ತೇವ ಹೋಗಿ, ಬೇಗ ಕೆಲಸ ಮಾಡುವ ಹುಳಿ ಅಲ್ಲೇ ಸ್ವಲ್ಪ ಸ್ವಲ್ಪವಾಗಿ ಖರ್ಚಾಗಿದೆ. ಬಿಸಿಗೆ ಕಾಯುವ ಹುಳಿ ಒಂದಷ್ಟು ಉಳಿದಿದೆ. ಪುಡಿ ಅರ್ಧ ಸತ್ತಿದೆ. ಬರೀ ಬಿಸಿನೀರಿನಲ್ಲಿ ನೋಡಿದ್ದರೆ ನೊರೆ ಕಂಡು ಸರಿ ಇದೆ ಅಂದುಬಿಡುತ್ತಿದ್ದೆವು.

ಒಂದು ಎಚ್ಚರಿಕೆ ಇದೆ. ನಿಮ್ಮ ಡಬ್ಬಿಯಲ್ಲಿ ನಿಧಾನದ ಹುಳಿ ಮಾತ್ರ ಇದ್ದರೆ, ಅಂದರೆ 341 ಇಲ್ಲದಿದ್ದರೆ, ಹೊಸದಾದರೂ ತಣ್ಣೀರಿನಲ್ಲಿ ಹೆಚ್ಚು ನೊರೆ ಬರುವುದಿಲ್ಲ. ಅದು ಹಾಳಾಗಿದೆ ಅಂತ ಎಸೆಯಬೇಡಿ. ಆಗ ಬಿಸಿನೀರಿನ ನೊರೆಯನ್ನೇ ನಂಬಬೇಕು. ನೊರೆ ಎಷ್ಟು ಬಂದರೆ ಸಾಕು ಅಂತ ಕೇಳಿದರೆ, ಒಂದೇ ಲೋಟ ನೋಡಿ ಹೇಳುವುದು ಕಷ್ಟ. ಹೊಸ ಪ್ಯಾಕೆಟ್ ಒಡೆದ ದಿನವೇ ಒಮ್ಮೆ ಈ ಪರೀಕ್ಷೆ ಮಾಡಿ, ನೊರೆ ಲೋಟದ ಎಲ್ಲಿಯವರೆಗೆ ಬಂತು ಅಂತ ಪೆನ್ನಿನಲ್ಲಿ ಗೆರೆ ಹಾಕಿಕೊಳ್ಳಿ. ಮುಂದೆ ಅದೇ ಲೋಟ, ಅದೇ ಚಮಚ, ಅಷ್ಟೇ ನೀರು. ಗೆರೆಯ ಅರ್ಧಕ್ಕೂ ಬರದಿದ್ದರೆ ಕೇಕಿಗೆ ಹಾಕಬೇಡಿ. ಶಕ್ತಿ ಕಡಿಮೆಯಾದ ಪುಡಿಯನ್ನು ಎರಡು ಪಟ್ಟು ಹಾಕಿ ಸರಿದೂಗಿಸಲೂ ಹೋಗಬೇಡಿ. ಅದರಲ್ಲಿ ಕೆಲಸ ಮುಗಿಸಿದ ಉಪ್ಪುಗಳು ಇರುತ್ತವೆ. ಅನಿಲ ಬರುವುದಿಲ್ಲ, ಆ ಉಪ್ಪಿನ ರುಚಿ ಮಾತ್ರ ಕೇಕಿಗೆ ಬರುತ್ತದೆ.

ಸೋಡಾಕ್ಕೆ ನಿಂಬೆಯೇ ಸರಿ. ಕಾಲು ಟೀ ಚಮಚ ಸೋಡಾದ ಮೇಲೆ ಅರ್ಧ ನಿಂಬೆ ಹಿಂಡಿದರೆ ಜೋರಾಗಿ ಉಕ್ಕಬೇಕು. ಬಿಸಿನೀರಿನಲ್ಲಿ ಸೋಡಾವನ್ನು ಪರೀಕ್ಷಿಸಬೇಡಿ. ಹುಳಿ ಇಲ್ಲದ ಕಾರಣ ಒಳ್ಳೆಯ ಸೋಡಾವೂ ಅಲ್ಲಿ ನಾಲ್ಕು ಗುಳ್ಳೆ ಬಿಟ್ಟು ಸುಮ್ಮನಾಗುತ್ತದೆ. ಒಳ್ಳೆಯ ಪುಡಿಯನ್ನೇ ಚೆಲ್ಲುವ ಹಾಗಾಗುತ್ತದೆ.

ಆದರೆ ಈ ನಿಂಬೆ ಪರೀಕ್ಷೆಗೂ ಒಂದು ಮಿತಿ ಇದೆ. ಅದನ್ನು ಹೇಳದೆ ಮುಂದೆ ಹೋಗಲಾರೆ. ಸೋಡಾ ಒಣಗಿ ಮುಚ್ಚಿಟ್ಟರೆ ಬಹಳ ಕಾಲ ಕೆಡುವುದಿಲ್ಲ. ಜೊತೆಗೆ ಹುಳಿ ಇಲ್ಲವಲ್ಲ, ಯಾರ ಜೊತೆ ಸೇರಿ ಕೆಡುತ್ತದೆ? ಕೆಡುವುದಾದರೆ ಒಂದೇ ದಾರಿ. ಒಲೆಯ ಪಕ್ಕದ ಬಿಸಿಗೂ ತೇವಕ್ಕೂ ಸಿಕ್ಕಿ ನಿಧಾನವಾಗಿ ಕಾರ್ಬೊನೇಟ್ ಆಗುವುದು. ಆ ಕಾರ್ಬೊನೇಟ್ ಕೂಡ ನಿಂಬೆ ಬಿದ್ದರೆ ಉಕ್ಕುತ್ತದೆ! ಉಕ್ಕಿತು ಅಂದ ಮಾತ್ರಕ್ಕೆ ಅದು ಒಳ್ಳೆಯ ಅಡುಗೆ ಸೋಡಾ ಅಂತ ಹೇಳಲಾಗುವುದಿಲ್ಲ. ವಾಷಿಂಗ್ ಸೋಡಾ ಕೂಡ ಹಾಗೇ ಉಕ್ಕುತ್ತದೆ. ಅದನ್ನು ತಿನ್ನುವ ಪದಾರ್ಥಕ್ಕೆ ಹಾಕಲೇಬಾರದು.

ಇಲ್ಲಿ ನಮ್ಮ ಅರಿಶಿನ ನೆರವಿಗೆ ಬರುತ್ತದೆ. ಅರಿಶಿನ ಕ್ಷಾರದಲ್ಲಿ ಕೆಂಪಾಗುತ್ತದೆ. ಆರತಿಗೆ ಅರಿಶಿನದ ನೀರಿಗೆ ಸುಣ್ಣ ಬೆರೆಸಿ ಓಕುಳಿ ಮಾಡುತ್ತೇವಲ್ಲ, ಅದೇ. ಒಂದು ಚಿಟಿಕೆ ಅರಿಶಿನವನ್ನು ನೀರಿನಲ್ಲಿ ಕದಡಿ ಎರಡು ಬಿಳಿ ಬಟ್ಟಲಿಗೆ ಹಂಚಿದ್ದೇನೆ. ಒಂದಕ್ಕೆ ಅಡುಗೆ ಸೋಡಾ. ಹಳದಿ ಮಂಕಾಗಿ ಕಿತ್ತಳೆಯ ಕಡೆಗೆ ತಿರುಗಿತು. ಇನ್ನೊಂದಕ್ಕೆ ವಾಷಿಂಗ್ ಸೋಡಾದ ನೀರು, ಎರಡು ಹನಿ. ಕೂಡಲೇ ಕಡುಗೆಂಪು, ಓಕುಳಿಯ ಬಣ್ಣವೇ. ನಿಮ್ಮ ಮನೆಯ ಹಳೆ ಸೋಡಾ ಈ ಎರಡನೆಯ ಬಣ್ಣ ಕೊಟ್ಟರೆ ಅದನ್ನು ಅಡುಗೆಗೆ ಬಳಸಬೇಡಿ. ಅಂದಹಾಗೆ ಬಜ್ಜಿ ಹಿಟ್ಟಿಗೆ ಅರಿಶಿನವನ್ನೂ ಸೋಡಾವನ್ನೂ ಹಾಕಿದಾಗ ಅಲ್ಲಲ್ಲಿ ಕೆಂಪು ಚುಕ್ಕೆ ಕಾಣುತ್ತದೆ, ನೋಡಿದ್ದೀರಾ? ಸೋಡಾ ಗಂಟು ಕರಗದೆ ಉಳಿದ ಜಾಗ ಅದು. ಸೋಡಾವನ್ನು ಮೊದಲೇ ಒಣ ಹಿಟ್ಟಿನಲ್ಲಿ ಜರಡಿ ಹಿಡಿದರೆ ಆ ಚುಕ್ಕೆ ಬರುವುದಿಲ್ಲ.

ಈಗ ಚೀಟಿ ಇಲ್ಲದ ಈ ಎರಡು ಡಬ್ಬಿಗಳನ್ನು ನೀವೇ ಬಿಡಿಸಿ. ಎರಡರಿಂದಲೂ ಅರ್ಧರ್ಧ ಚಮಚ ಬಿಸಿನೀರಿಗೆ ಹಾಕಿ. ಬಲಗಡೆಯದು ಮೇಲಕ್ಕೆ ನೊರೆ ಉಬ್ಬಿಸಿತು, ನೀರು ಹಾಲಿನಂತಾಯಿತು. ಪಿಷ್ಟ ಇದೆ, ಸ್ವಂತ ಹುಳಿ ಇದೆ. ಅದು ಪೌಡರ್. ಎಡಗಡೆಯದು ಒಂದೆರಡು ಗುಳ್ಳೆ ಬಿಟ್ಟು ಕರಗಿತು. ಸ್ವಲ್ಪ ಹೊತ್ತಿನಲ್ಲಿ ನೀರು ತಿಳಿಯಾಯಿತು. ಅದಕ್ಕೆ ನಿಂಬೆ ಹಿಂಡಿ. ಉಕ್ಕಿತು. ಅದು ಸೋಡಾ. ಅನುಮಾನವಿದ್ದರೆ ಅರಿಶಿನದ ನೀರಿಗೆ ಹಾಕಿ ನೋಡಿ. ಪೌಡರಿನಲ್ಲಿ ಕ್ಷಾರವೂ ಹುಳಿಯೂ ಸರಿದೂಗಿರುವುದರಿಂದ ನೊರೆ ಇಳಿದ ಮೇಲೆ ಬಣ್ಣ ಹೆಚ್ಚುಕಡಿಮೆ ಹಳದಿಯಾಗಿಯೇ ಉಳಿಯುತ್ತದೆ.

ಈನೋ ಹಾಕಬಹುದೇ ಅಂತ ಕೇಳಿದ್ದೀರಿ. ಅದರಲ್ಲಿ ಸೋಡಾ ಇದೆ, ನಿಂಬೆಯ ಸಿಟ್ರಿಕ್ ಆಮ್ಲ ಇದೆ. ಪಿಷ್ಟವಿಲ್ಲ, ಬಿಸಿಗೆ ಕಾಯುವ ಹುಳಿಯೂ ಇಲ್ಲ. ನೀರು ತಾಗಿದ ಕೂಡಲೇ ಇದ್ದದ್ದೆಲ್ಲ ಹೊರಗೆ ಬರುತ್ತದೆ. ರವೆ ಇಡ್ಲಿಗೆ, ಢೋಕ್ಲಾಕ್ಕೆ ಅದು ಚೆನ್ನಾಗಿ ಹೊಂದುತ್ತದೆ. ಹಬೆ ಮೊದಲೇ ಕಾದಿರುತ್ತದೆ, ಹಾಕಿದ ತಕ್ಷಣ ತಟ್ಟೆಗೆ ಸುರಿದು ಒಳಗಿಡುತ್ತೇವೆ, ಹಿಟ್ಟು ಬೇಗ ಗಟ್ಟಿಯಾಗುತ್ತದೆ. ಅರ್ಧ ಗಂಟೆ ಬೇಯುವ ಕೇಕಿಗೆ ಅದನ್ನು ನಾನು ಬಳಸುವುದಿಲ್ಲ.

ಕೊನೆಯದಾಗಿ ಇಡುವ ವಿಷಯ. ಕರಾವಳಿಯಿಂದ ಬಂದವರು ಮಳೆಗಾಲದಲ್ಲಿ ಪೌಡರ್ ಗಂಟು ಕಟ್ಟುತ್ತದೆ ಅಂತಿದ್ದೀರಿ. ಆ ಗಂಟನ್ನು ಪುಡಿ ಮಾಡಿ ಜರಡಿ ಹಿಡಿದರೆ ಸಾಕೇ? ಸೋಡಾದ ಗಂಟಾದರೆ ಸಾಕು. ಬೇಕಿಂಗ್ ಪೌಡರಿನ ಗಂಟಾದರೆ ಸಾಲದು. ಗಂಟು ಕಟ್ಟಿದೆ ಅಂದರೆ ಅಲ್ಲಿಗೆ ನೀರು ತಲುಪಿದೆ, ನೀರು ತಲುಪಿದಲ್ಲಿ ಸೋಡಾ ಮತ್ತು ಹುಳಿ ಆಗಲೇ ಸೇರಿವೆ. ಪರೀಕ್ಷೆ ಮಾಡದೆ ಬಳಸಬೇಡಿ. ದೊಡ್ಡ ಡಬ್ಬಿ ಅಗ್ಗವೆಂದು ತರಬೇಡಿ. ನಾಲ್ಕೈದು ತಿಂಗಳಲ್ಲಿ ಮುಗಿಯುವಷ್ಟು ಸಣ್ಣದು ತಂದು, ಮುಚ್ಚಳದ ಮೇಲೆ ಒಡೆದ ತಿಂಗಳು ಬರೆಯಿರಿ. ಹಿಟ್ಟು ಕಲಸಿದ ಒದ್ದೆ ಚಮಚ ಒಳಗೆ ಹಾಕಬೇಡಿ. ಕುದಿಯುವ ಪಾತ್ರೆಯ ಮೇಲೆ ಡಬ್ಬಿ ಬಗ್ಗಿಸಿ ಸುರಿಯಬೇಡಿ, ಆ ಹಬೆ ನೇರ ಒಳಗೆ ಹೋಗುತ್ತದೆ. ಫ್ರಿಜ್ಜಿನಲ್ಲಿ ಇಡುವವರು ಗಮನಿಸಿ, ತಣ್ಣಗಿನ ಡಬ್ಬಿಯನ್ನು ಹೊರಗೆ ತೆಗೆದು ಕೂಡಲೇ ಮುಚ್ಚಳ ತೆರೆದರೆ ಗಾಳಿಯ ತೇವ ಪುಡಿಯ ಮೇಲೆ ಕೂರುತ್ತದೆ. ಬಿಗಿಯಾದ ಗಾಜಿನ ಭರಣಿಯಲ್ಲಿ, ಒಲೆಯಿಂದ ದೂರದ ಕಪಾಟಿನಲ್ಲಿ ಇಟ್ಟರೆ ಸಾಕು. ಪರೀಕ್ಷೆಯಲ್ಲಿ ಸೋತ ಪೌಡರನ್ನು ಕಸಕ್ಕೆ ಹಾಕಿ. ಹಳೆಯ ಸೋಡಾವನ್ನು ಮಾತ್ರ ಚೆಲ್ಲಬೇಡಿ, ಚಹಾದ ಕಲೆ ಹಿಡಿದ ಲೋಟ ಉಜ್ಜಲು ಅದು ಚೆನ್ನಾಗಿರುತ್ತದೆ.